ಹಾಲು ಇಂದು, ಹಣ ಎಂದು? – ದುಡಿಯುವ ಬಂಡವಾಳದ ಮೂರು ದಿನಲೆಕ್ಕ



ಮಳೆ ಬಿದ್ದು, ಹಸಿರು ಮೇವು ಚೆನ್ನಾಗಿ ಬಂದು, ಡೇರಿಯಲ್ಲಿ ಕ್ಯಾನುಗಳು ತುಂಬಿ ತುಳುಕುವ ದಿನಗಳಲ್ಲೇ ಒಂದು ಪ್ರಶ್ನೆ ಹೆಚ್ಚಾಗಿ ಕೇಳಿಬರುತ್ತದೆ. "ಏನ್ ಸೆಕ್ರೆಟ್ರಿಯವರೇ, ಈ ಸಾರಿ ಬಟವಾಡೆ ಯಾಕೆ ತಡ? ಹಾಲು ಕಮ್ಮಿ ಇದ್ದಾಗ ಸರಿಯಾಗಿ ದುಡ್ಡು ಬರ್ತಿತ್ತು. ಈಗ ಹಾಲು ಜಾಸ್ತಿ ಹಾಕ್ತಿದ್ದೀವಿ, ಈಗಲೇ ದುಡ್ಡಿಲ್ಲ ಅಂದ್ರೆ ಹೆಂಗೆ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರವಾಗಿ "ಒಕ್ಕೂಟಕ್ಕೆ ನಷ್ಟವಾಗಿರಬೇಕು" ಎಂದು ಕೆಲವರು ಹೇಳುತ್ತಾರೆ, "ಯಾರೋ ಹಣ ತಿಂದಿರಬೇಕು" ಎಂದು ಮತ್ತೆ ಕೆಲವರು. ಎರಡೂ ಆಗಿರದೆ, ಲೆಕ್ಕದಲ್ಲಿ ಲಾಭವೇ ಇದ್ದೂ ಕೈಯಲ್ಲಿ ನಗದು ಇಲ್ಲದಿರುವ ಸ್ಥಿತಿ ಬರಬಹುದು. ಇದನ್ನು ತಿಳಿಯಲು ಮೂರೇ ಸಂಖ್ಯೆ ಸಾಕು. ಸರಕು ಎಷ್ಟು ದಿನ ನಮ್ಮ ಬಳಿ ಕೂತಿತ್ತು, ಮಾರಿದ ಮೇಲೆ ಹಣ ಬರಲು ಎಷ್ಟು ದಿನವಾಯಿತು, ನಾವು ಕೊಡಬೇಕಾದವರಿಗೆ ಎಷ್ಟು ದಿನ ಬಿಟ್ಟು ಕೊಟ್ಟೆವು. ಮೊದಲನೆಯದನ್ನು ದಾಸ್ತಾನು ದಿನ, ಎರಡನೆಯದನ್ನು ವಸೂಲಿ ದಿನ, ಮೂರನೆಯದನ್ನು ಪಾವತಿ ದಿನ ಎಂದು ಕರೆಯೋಣ.

ಮೊದಲು ನಮ್ಮ ಕೊಟ್ಟಿಗೆಯ ಲೆಕ್ಕ

ಒಕ್ಕೂಟದ ಲೆಕ್ಕಕ್ಕೆ ಹೋಗುವ ಮೊದಲು ಮನೆಯ ಲೆಕ್ಕ ನೋಡೋಣ. ನಿಮ್ಮ ಮನೆಯಲ್ಲಿ ಎರಡು ಹಸುಗಳಿವೆ, ದಿನಕ್ಕೆ 20 ಲೀಟರ್ ಹಾಲು ಡೇರಿಗೆ ಹಾಕುತ್ತೀರಿ, ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 700 ರೂಪಾಯಿ ಆದಾಯ. ಪಶು ಆಹಾರ, ಬೂಸಾ, ಒಣಹುಲ್ಲು, ಔಷಧಿ ಸೇರಿ ದಿನಕ್ಕೆ 400 ರೂಪಾಯಿ ಖರ್ಚು. ದಿನಕ್ಕೆ 300 ರೂಪಾಯಿ ಉಳಿತಾಯ. ಲಾಭವಿದೆ, ಸರಿ. ಆದರೂ ತಿಂಗಳ ನಡುವೆ ಕೈ ಬರಿದಾಗುವುದೇಕೆ?

ಆಹಾರವನ್ನು ನೀವು ಹತ್ತು ದಿನಕ್ಕೊಮ್ಮೆ ತರುತ್ತೀರಿ. ಮೊದಲ ದಿನ ಮೂಟೆ ತುಂಬಿರುತ್ತದೆ, ಹತ್ತನೇ ದಿನ ಖಾಲಿ. ಸರಾಸರಿ ಹಿಡಿದರೆ ಐದು ದಿನ ಆ ಹಣ ಮೂಟೆಯಲ್ಲಿ ಕೂತಿರುತ್ತದೆ. ಇದು ದಾಸ್ತಾನು ದಿನ.

ಹಾಲು ಹಾಕಿದ ಮೇಲೆ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಅದೂ ಹದಿನೈದು ದಿನ ಮುಗಿದ ಐದನೇ ದಿನ ಎಂದುಕೊಳ್ಳಿ. ಒಂದನೇ ತಾರೀಖು ಹಾಕಿದ ಹಾಲಿನ ಹಣ 20ಕ್ಕೆ ಬರುತ್ತದೆ, ಅಂದರೆ 19 ದಿನ ಕಾಯಬೇಕು. 15ರಂದು ಹಾಕಿದ ಹಾಲಿಗೆ ಕಾಯುವುದು ಐದೇ ದಿನ. ಸರಾಸರಿ 12 ದಿನ. ಇದು ನಿಮ್ಮ ವಸೂಲಿ ದಿನ.

ಐದು ಮತ್ತು ಹನ್ನೆರಡು ಸೇರಿ 17 ದಿನ. ಆಹಾರಕ್ಕೆ ನಗದು ಕೊಡುವವರಾದರೆ 17 ದಿನದ ಖರ್ಚು, ಅಂದರೆ 17 × 400 = 6,800 ರೂಪಾಯಿ ಸದಾ ಈ ಕಸುಬಿನೊಳಗೆ ಸಿಕ್ಕಿಕೊಂಡಿರುತ್ತದೆ. ಇದು ಕಳೆದುಹೋದ ಹಣವಲ್ಲ. ಒಂದು ಕಂತು ಹೊರಬರುವಷ್ಟರಲ್ಲಿ ಇನ್ನೊಂದು ಕಂತು ಒಳಗೆ ಹೋಗಿರುತ್ತದೆ, ಅಷ್ಟೇ. ಹಸು ಸಾಕುವುದನ್ನು ನಿಲ್ಲಿಸಿದ ದಿನ ಮಾತ್ರ ಅದು ಪೂರ್ತಿ ಕೈಗೆ ಬರುತ್ತದೆ. ಇದಕ್ಕೇ ದುಡಿಯುವ ಬಂಡವಾಳ ಎಂದು ಹೆಸರು.

ಅದೇ ಖರ್ಚೆಲ್ಲವನ್ನೂ ಹತ್ತು ದಿನ ಬಿಟ್ಟು ಕೊಡುವಂತೆ ಅಂಗಡಿಯವರು ಅಥವಾ ಸಂಘದವರು ಲೆಕ್ಕಕ್ಕೆ ಬರೆದುಕೊಂಡರೆ? ಹತ್ತು ನಿಮ್ಮ ಪಾವತಿ ದಿನವಾಯಿತು. 17ರಲ್ಲಿ 10 ಕಳೆದರೆ 7 ದಿನ. ಬೇಕಾದ ಹಣ 2,800 ರೂಪಾಯಿಗೆ ಇಳಿಯಿತು. ಉಳಿದ 4,000 ರೂಪಾಯಿ ಮಾಯವಾಗಲಿಲ್ಲ, ಅದನ್ನು ಈಗ ಅಂಗಡಿಯವರು ಹಾಕಿದ್ದಾರೆ.

ಇಷ್ಟೇ ಸೂತ್ರ:

ನಗದು ಚಕ್ರದ ದಿನಗಳು = ದಾಸ್ತಾನು ದಿನ + ವಸೂಲಿ ದಿನ − ಪಾವತಿ ದಿನ

ಬೇಕಾದ ಹಣ = ನಗದು ಚಕ್ರದ ದಿನಗಳು × ಒಂದು ದಿನದ ಖರ್ಚು

ಕಿರಾಣಿ ಅಂಗಡಿಗೂ, ರೇಷ್ಮೆ ನೂಲು ತೆಗೆಯುವ ಘಟಕಕ್ಕೂ, ಹಾಲು ಒಕ್ಕೂಟಕ್ಕೂ ಇದೇ ಸೂತ್ರ. ದಿನಗಳ ಸಂಖ್ಯೆ ಮಾತ್ರ ಬೇರೆ.

ಪ್ಯಾಕೆಟ್ ಹಾಲಿನ ಚಕ್ರ ಹಿಂದಕ್ಕೆ ತಿರುಗುತ್ತದೆ

ಈಗ ದಿನಕ್ಕೆ 2 ಲಕ್ಷ ಲೀಟರ್ ಹಾಲು ಸಂಗ್ರಹಿಸುವ ಒಂದು ಒಕ್ಕೂಟವನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ರೈತರಿಗೆ ಲೀಟರಿಗೆ 35 ರೂಪಾಯಿ. ಸಾಗಣೆ, ಶೀತಲೀಕರಣ, ಪ್ಯಾಕಿಂಗ್ ಖರ್ಚುಗಳನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಒಂದು ದಿನದ ಹಾಲಿನ ಬಾಬ್ತು 70 ಲಕ್ಷ ರೂಪಾಯಿ.

ಬೇಸಿಗೆ ಎಂದುಕೊಳ್ಳಿ. ಹಾಲಿನ ಆವಕ ಕಡಿಮೆ, ಮೊಸರು ಮಜ್ಜಿಗೆಗೆ ಬೇಡಿಕೆ ಹೆಚ್ಚು. ಬಂದ ಹಾಲೆಲ್ಲ ಪ್ಯಾಕೆಟ್ ಹಾಲು, ಮೊಸರಾಗಿ ಹೋಗುತ್ತದೆ. ಇಂದು ಸಂಜೆ ಬಂದ ಹಾಲು ನಾಳೆಯೋ ನಾಡಿದ್ದೋ ಮಾರಾಟವಾಗುತ್ತದೆ. ದಾಸ್ತಾನು ದಿನ 2. ಹಾಲಿನ ಏಜೆಂಟರು ಹೆಚ್ಚಿನವರು ಮುಂಗಡವಾಗಿ ಅಥವಾ ಮಾರನೆಯ ದಿನವೇ ಹಣ ಕಟ್ಟುತ್ತಾರೆ. ಹಾಸ್ಟೆಲ್, ಆಸ್ಪತ್ರೆ, ಹೋಟೆಲುಗಳ ಬಾಕಿ ಸೇರಿಸಿದರೂ ಸರಾಸರಿ ವಸೂಲಿ ದಿನ 2 ಎಂದಿಡೋಣ. ರೈತರಿಗೆ ಪಾವತಿ ದಿನ, ಮೇಲೆ ನೋಡಿದಂತೆ, 12.

2 + 2 − 12 = −8.

ಸೊನ್ನೆಗಿಂತ ಕೆಳಗೆ! ಅಂದರೆ ಹಾಲು ಮಾರಿದ ಹಣ ಒಕ್ಕೂಟಕ್ಕೆ ಬಂದು ಎಂಟು ದಿನ ಕಳೆದ ಮೇಲೆ ರೈತರಿಗೆ ಹೋಗುತ್ತದೆ. 8 × 70 ಲಕ್ಷ, ಅಂದರೆ 5 ಕೋಟಿ 60 ಲಕ್ಷ ರೂಪಾಯಿ ಸದಾ ಒಕ್ಕೂಟದ ಖಾತೆಯಲ್ಲಿ ಓಡಾಡುತ್ತಿರುತ್ತದೆ. ಈ ವ್ಯವಹಾರ ನಡೆಸಲು ಬ್ಯಾಂಕಿನ ಸಾಲವೇ ಬೇಡ.

ಆದರೆ ಆ 5.60 ಕೋಟಿ ಯಾರದ್ದು? ನಿಮ್ಮದು. ಬಟವಾಡೆಗೆ ಕಾಯುತ್ತಿರುವ ಸಾವಿರಾರು ಉತ್ಪಾದಕರ ಹಾಲಿನ ಹಣ ಅದು. ಹಾಗಾಗಿ ಬೇಸಿಗೆಯಲ್ಲಿ ಬಟವಾಡೆ ಸಕಾಲಕ್ಕೆ ಆಗುವುದು ಆಡಳಿತದ ಜಾಣತನದಿಂದಷ್ಟೇ ಅಲ್ಲ. ಚಕ್ರವೇ ಅವರ ಕಡೆಗಿರುತ್ತದೆ.

ಹೆಚ್ಚುವರಿ ಹಾಲು ಪುಡಿಯಾದಾಗ

ಈಗ ಮಳೆ ಬಂತು. ಸಂಗ್ರಹ 2 ಲಕ್ಷದಿಂದ 2.60 ಲಕ್ಷ ಲೀಟರಿಗೆ ಏರಿತು. ಪ್ಯಾಕೆಟ್ ಹಾಲಿನ ಮಾರಾಟ ಏರಲಿಲ್ಲ. ಚಳಿ ಮಳೆಗೆ ಮೊಸರಿನ ಬೇಡಿಕೆ ಇಳಿಯುವುದೂ ಉಂಟು. ದಿನಕ್ಕೆ 60,000 ಲೀಟರ್ ಹಾಲು ಉಳಿಯುತ್ತದೆ. ಸಹಕಾರ ಒಕ್ಕೂಟ "ನಾಳೆ ಹಾಲು ತರಬೇಡಿ" ಎನ್ನುವಂತಿಲ್ಲ. ಆ ಹಾಲನ್ನು ಪುಡಿ ಘಟಕಕ್ಕೆ ಕಳಿಸಿ, ಕೆನೆ ತೆಗೆದ ಹಾಲಿನ ಪುಡಿ ಮತ್ತು ಬೆಣ್ಣೆ ಮಾಡಬೇಕು. 3.5 ಜಿಡ್ಡು, 8.5 ಜಿಡ್ಡೇತರ ಘನಾಂಶವಿರುವ 100 ಲೀಟರ್ ಹಸುವಿನ ಹಾಲಿನಿಂದ ಸುಮಾರು ಒಂಬತ್ತು ಕಿಲೋ ಪುಡಿ, ನಾಲ್ಕು ಕಿಲೋ ಚಿಲ್ಲರೆ ಬೆಣ್ಣೆ ಬರುತ್ತದೆ. ಪುಡಿ ಗೋದಾಮಿಗೆ, ಬೆಣ್ಣೆ ಶೀತಲಗೃಹಕ್ಕೆ ಹೋಗುತ್ತದೆ.

ಇಲ್ಲಿ ಚಕ್ರ ಬದಲಾಗುತ್ತದೆ. ಎಲ್ಲ ಕಡೆಯೂ ಹಾಲು ಹೆಚ್ಚಿರುವ ಕಾಲ, ಎಲ್ಲರೂ ಪುಡಿಯನ್ನೇ ಮಾಡುತ್ತಿರುತ್ತಾರೆ, ಕೊಳ್ಳುವವರು ಕಡಿಮೆ. ಪುಡಿ, ಬೆಣ್ಣೆ ಸರಾಸರಿ 90 ದಿನ ಗೋದಾಮಿನಲ್ಲಿ ಇತ್ತು ಎಂದುಕೊಳ್ಳಿ. ಕೊನೆಗೆ ಮಾರಾಟವಾದದ್ದು ದೊಡ್ಡ ಖರೀದಿದಾರರಿಗೆ, ಸರ್ಕಾರಿ ಯೋಜನೆಗಳಿಗೆ. ಅಲ್ಲಿ ಏಜೆಂಟರಂತೆ ಮುಂಗಡ ಹಣವಿಲ್ಲ. ಸರಕು ತಲುಪಿ, ಬಿಲ್ಲು ಪಾಸಾಗಿ, ಹಣ ಬಿಡುಗಡೆಯಾಗಿ ಬರಬೇಕು. ವಸೂಲಿ ದಿನ 45 ಎಂದಿಡೋಣ. ರೈತರಿಗೆ ಕೊಡುವುದು ಮಾತ್ರ ಅದೇ 12 ದಿನಕ್ಕೆ. ಪುಡಿಗೆ ಹೋದ ಹಾಲು, ಪ್ಯಾಕೆಟ್ಟಿಗೆ ಹೋದ ಹಾಲು ಎಂದು ರೈತರಲ್ಲಿ ಭೇದ ಮಾಡುವಂತಿಲ್ಲ.

90 + 45 − 12 = 123 ದಿನ.

ಅದೇ ಹಸುವಿನ ಅದೇ ಹಾಲು. ಪ್ಯಾಕೆಟ್ಟಿಗೆ ಹೋದರೆ ಎಂಟು ದಿನ ಮೊದಲೇ ಹಣ, ಪುಡಿಗೆ ಹೋದರೆ 123 ದಿನ ತಡವಾಗಿ ಹಣ.

60,000 ಲೀಟರಿಗೆ ದಿನವೊಂದಕ್ಕೆ 21 ಲಕ್ಷ ರೂಪಾಯಿ. ಹಾಲು ಹೆಚ್ಚಿರುವ ಕಾಲ ನಾಲ್ಕು ತಿಂಗಳು, ಅಂದರೆ 120 ದಿನ ಎಂದುಕೊಂಡರೆ, ಮೊದಲ ದಿನದ ಪುಡಿಯ ಹಣ ಕೈಗೆ ಬರುವಷ್ಟರಲ್ಲಿ ಇಡೀ ಅವಧಿಯ ಹೆಚ್ಚುವರಿ ಹಾಲಿಗೆ ಬಟವಾಡೆ ಮುಗಿದಿರುತ್ತದೆ. 120 × 21 ಲಕ್ಷ = 25 ಕೋಟಿ 20 ಲಕ್ಷ ರೂಪಾಯಿ ಮೂಟೆಗಳಲ್ಲಿ, ಬೆಣ್ಣೆಯ ಪೆಟ್ಟಿಗೆಗಳಲ್ಲಿ, ಪಾಸಾಗದ ಬಿಲ್ಲುಗಳಲ್ಲಿ ಕೂತಿದೆ. ಪ್ಯಾಕೆಟ್ ಹಾಲಿನ ಕಡೆಯಿಂದ ಬರುವ 5.60 ಕೋಟಿಯನ್ನು ಇದಕ್ಕೆ ಹಾಕಿದರೂ 19 ಕೋಟಿ 60 ಲಕ್ಷ ಬೇರೆ ಕಡೆಯಿಂದ ಬರಬೇಕು.

ಇಷ್ಟಾದರೂ ಒಕ್ಕೂಟ ಒಂದು ರೂಪಾಯಿ ನಷ್ಟ ಮಾಡಿಲ್ಲ. ಪುಡಿ ಒಳ್ಳೆಯ ಬೆಲೆಗೇ ಹೋಗಬಹುದು, ವರ್ಷಾಂತ್ಯಕ್ಕೆ ಲಾಭವೂ ಕಾಣಬಹುದು. ಆದರೆ ಬಟವಾಡೆ ಮಾಡಲು ಇಂದು ಬೇಕಾದದ್ದು ನಗದು.

ಬ್ಯಾಂಕು ಎಷ್ಟು ಕೊಡುತ್ತದೆ, ಯಾವಾಗ ಕೈಬಿಡುತ್ತದೆ

ಈ ಹಣಕ್ಕಾಗಿ ಒಕ್ಕೂಟಗಳು ಸಾಮಾನ್ಯವಾಗಿ ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಸಾಲದ ಖಾತೆ ಇಟ್ಟುಕೊಂಡಿರುತ್ತವೆ. ಬೇಕಾದಾಗ ತೆಗೆದು, ಬಂದಾಗ ಕಟ್ಟುವ ಸಾಲ. ಬಡ್ಡಿ ವರ್ಷಕ್ಕೆ ಶೇ. 9 ಎಂದಿಡೋಣ. 35 ರೂಪಾಯಿಯ ಹಾಲು 123 ದಿನ ಸಾಲದಲ್ಲಿ ಕೂತರೆ ಬಡ್ಡಿ ಎಷ್ಟು? ಲೀಟರಿಗೆ ಸುಮಾರು 1 ರೂಪಾಯಿ 6 ಪೈಸೆ. ಹೆಚ್ಚುವರಿ ಹಾಲಿನ ಪ್ರತಿ ಲೀಟರಿನ ಬೆಲೆಯಿಂದ ಒಂದು ರೂಪಾಯಿಯನ್ನು ಬರೀ ಕಾಯುವಿಕೆಯೇ ತಿಂದುಹಾಕುತ್ತದೆ. ಹಾಲು ಹೆಚ್ಚಿದ ಕಾಲದಲ್ಲಿ ಖರೀದಿ ದರದ ಮೇಲೆ ಒತ್ತಡ ಬೀಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಬ್ಯಾಂಕು ಪೂರ್ತಿ ಹಣವನ್ನೂ ಕೊಡುವುದಿಲ್ಲ. ಪ್ರತಿ ತಿಂಗಳು ದಾಸ್ತಾನಿನ ಪಟ್ಟಿ ಕೇಳುತ್ತದೆ. 100 ರೂಪಾಯಿಯ ದಾಸ್ತಾನಿಗೆ ಸಾಮಾನ್ಯವಾಗಿ 75 ರೂಪಾಯಿಯಷ್ಟು ಮಾತ್ರ ಸಾಲ ಬಿಡುತ್ತದೆ. ಮೂರು ತಿಂಗಳಿಗಿಂತ ಹಳೆಯ ಬಾಕಿಯನ್ನು ಹೆಚ್ಚಿನ ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ. ಉಳಿದದ್ದನ್ನು ಒಕ್ಕೂಟ ತನ್ನ ಷೇರು ಹಣ, ಮೀಸಲು ನಿಧಿಗಳಿಂದ ಹಾಕಿಕೊಳ್ಳಬೇಕು. ಲಾಭವನ್ನೆಲ್ಲ ಹಂಚಿಬಿಡದೆ ಮೀಸಲು ನಿಧಿಗೆ ಒಂದು ಪಾಲು ಏಕೆ ಇಡಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ.

ನಿಜವಾದ ಅಪಾಯ ಇನ್ನೊಂದು ಕಡೆ ಇದೆ. ದಾಸ್ತಾನಿನ ಬೆಲೆಯನ್ನು ತಯಾರಿಕೆಯ ವೆಚ್ಚ ಮತ್ತು ಮಾರುಕಟ್ಟೆ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಂತೆ ಕಟ್ಟುತ್ತಾರೆ. ಪುಡಿಯ ಮಾರುಕಟ್ಟೆ ದರ ಕುಸಿದರೆ ಗೋದಾಮಿನಲ್ಲಿ ಅಷ್ಟೇ ಮೂಟೆಗಳಿದ್ದರೂ ಅವುಗಳ ಬೆಲೆ ಇಳಿಯುತ್ತದೆ, ಅದರ ಆಧಾರದ ಮೇಲೆ ಸಿಗುವ ಸಾಲವೂ ಇಳಿಯುತ್ತದೆ. ಪುಡಿಯ ದರ ಕುಸಿಯುವುದು ಎಲ್ಲರ ಬಳಿಯೂ ಪುಡಿ ತುಂಬಿರುವಾಗ. ಅಂದರೆ ಹಣದ ಅಗತ್ಯ ಅತಿ ಹೆಚ್ಚಿರುವ ಹೊತ್ತಿನಲ್ಲೇ ಸಾಲದ ಮಿತಿ ಕುಗ್ಗುತ್ತದೆ.

2020ರಲ್ಲಿ ಇದನ್ನು ದೇಶದ ಹಾಲು ಒಕ್ಕೂಟಗಳು ಅನುಭವಿಸಿದವು. ಲಾಕ್‌ಡೌನ್‌ನಿಂದ ಹೋಟೆಲು, ಮದುವೆ, ಸಿಹಿತಿಂಡಿ ಅಂಗಡಿಗಳ ವ್ಯಾಪಾರ ನಿಂತಿತು. ಹಸು ಹಾಲು ಕೊಡುವುದನ್ನು ನಿಲ್ಲಿಸಲಿಲ್ಲ. ಸಹಕಾರ ಸಂಘಗಳು ಹಾಲು ಪಡೆಯುವುದನ್ನು ನಿಲ್ಲಿಸುವಂತಿರಲಿಲ್ಲ. ಉಳಿದ ಹಾಲೆಲ್ಲ ಪುಡಿ, ಬೆಣ್ಣೆಯಾಗಿ ಗೋದಾಮು ಸೇರಿತು, ಪುಡಿಯ ದರ ಕುಸಿಯಿತು. ಆಗ ಕೇಂದ್ರ ಸರ್ಕಾರ 2020-21ಕ್ಕೆ ಹಾಲು ಸಹಕಾರ ಸಂಸ್ಥೆಗಳ ದುಡಿಯುವ ಬಂಡವಾಳದ ಸಾಲಕ್ಕೆ ಶೇ. 2ರಷ್ಟು ಬಡ್ಡಿ ಸಹಾಯಧನ ಪ್ರಕಟಿಸಿತು. ಸಕಾಲಕ್ಕೆ ಕಂತು ಕಟ್ಟಿದವರಿಗೆ ಇನ್ನೂ ಶೇ. 2 ಹೆಚ್ಚುವರಿ. ನಮ್ಮ ಲೆಕ್ಕದ ಪ್ರಕಾರ ಶೇ. 2 ಎಂದರೆ ಹೆಚ್ಚುವರಿ ಹಾಲಿನ ಲೀಟರಿಗೆ ಸುಮಾರು 24 ಪೈಸೆ. ಆ ನೆರವು ಬಡ್ಡಿಯ ಹೊರೆ ಇಳಿಸಿತು. ಆದರೆ ಪುಡಿ ಗೋದಾಮಿನಲ್ಲಿ ಕೂರುವ ದಿನಗಳನ್ನು ಯಾವ ಸಹಾಯಧನವೂ ಕಡಿಮೆ ಮಾಡುವುದಿಲ್ಲ. ಅದಕ್ಕೆ ಮಾರಾಟವೇ ಆಗಬೇಕು.

ಮೂರು ಕೀಲಿಗಳು, ಮೂರಕ್ಕೂ ಬೇರೆ ಬೆಲೆ

ಹಣದ ಅಗತ್ಯ ಕಡಿಮೆ ಮಾಡಲು ಮೂರೇ ದಾರಿ. ದಾಸ್ತಾನು ದಿನ ಇಳಿಸಬೇಕು, ವಸೂಲಿ ದಿನ ಇಳಿಸಬೇಕು, ಇಲ್ಲವೇ ಪಾವತಿ ದಿನ ಏರಿಸಬೇಕು. ಒಂದೊಂದನ್ನೂ ನಮ್ಮ ಒಕ್ಕೂಟದ ಲೆಕ್ಕದಲ್ಲೇ ನೋಡೋಣ.

ವಸೂಲಿ ದಿನವನ್ನು 45ರಿಂದ 30ಕ್ಕೆ ಇಳಿಸಿದರೆ 15 × 21 ಲಕ್ಷ, ಅಂದರೆ 3 ಕೋಟಿ 15 ಲಕ್ಷ ರೂಪಾಯಿ ಬಿಡುಗಡೆಯಾಗುತ್ತದೆ. ಇದಕ್ಕೆ ಬೆಲೆ ಇಳಿಸಬೇಕಾಗಿಲ್ಲ. ಸರಕು ಹೋದ ದಿನವೇ ಬಿಲ್ಲು ಹೋಗಬೇಕು, ತಲುಪಿದ ರಸೀದಿ ಬಿಲ್ಲಿನ ಜೊತೆಗಿರಬೇಕು, ತೂಕದಲ್ಲಿ ತಕರಾರಿದ್ದರೆ ಅಂದೇ ಬಗೆಹರಿಯಬೇಕು. ಎಷ್ಟೋ ಬಿಲ್ಲುಗಳು ತಡವಾಗುವುದು ಹಣವಿಲ್ಲದೆ ಅಲ್ಲ. ಒಂದು ಸಹಿ, ಒಂದು ಕಾಗದ ಇಲ್ಲದೆ ಮೇಜಿನ ಮೇಲೆ ಕೂತಿರುತ್ತವೆ. ಮೂರು ಕೀಲಿಗಳಲ್ಲಿ ಇದೇ ಅಗ್ಗದ್ದು.

ದಾಸ್ತಾನು ದಿನವನ್ನು 90ರಿಂದ 60ಕ್ಕೆ ಇಳಿಸಿದರೆ 6 ಕೋಟಿ 30 ಲಕ್ಷ ಬಿಡುಗಡೆಯಾಗುತ್ತದೆ. ಆದರೆ ಇಲ್ಲಿ ಎಚ್ಚರ ಬೇಕು. ಬೇಗ ಮಾರಲು ಬೆಲೆ ಇಳಿಸಬೇಕಾಗಬಹುದು. ಎಷ್ಟು ಇಳಿಸಿದರೆ ಲಾಭ, ಎಷ್ಟು ಇಳಿಸಿದರೆ ನಷ್ಟ? 100 ಲೀಟರ್ ಹಾಲಿನ 3,500 ರೂಪಾಯಿಗೆ ಒಂದು ತಿಂಗಳ ಬಡ್ಡಿ ಸುಮಾರು 26 ರೂಪಾಯಿ. ಬೆಣ್ಣೆಯ ಮಾತು ಬಿಟ್ಟು ಇದನ್ನೆಲ್ಲ ಒಂಬತ್ತು ಕಿಲೋ ಪುಡಿಯ ಮೇಲೇ ಹಾಕಿದರೂ ಕಿಲೋಗೆ ಮೂರು ರೂಪಾಯಿಗಿಂತ ಕಡಿಮೆ. ಅಂದರೆ ಮುಂದಿನ ತಿಂಗಳು ಪುಡಿಯ ದರ ಕಿಲೋಗೆ ಮೂರು ರೂಪಾಯಿಗಿಂತ ಹೆಚ್ಚು ಏರುತ್ತದೆ ಎಂಬ ಭರವಸೆ ಇದ್ದರೆ ಕಾಯುವುದರಲ್ಲಿ ಅರ್ಥವಿದೆ. ಇಲ್ಲದಿದ್ದರೆ ಇಂದೇ ಮಾರುವುದು ಲೇಸು. ಗೋದಾಮು ಬಾಡಿಗೆ, ಶೀತಲಗೃಹದ ಕರೆಂಟು ಸೇರಿಸಿದರೆ ಆ ಮೂರು ರೂಪಾಯಿ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ. "ದರ ಬರಲಿ, ಮಾರೋಣ" ಎಂದು ವರ್ಷಗಟ್ಟಲೆ ಇಟ್ಟರೆ ಪುಡಿಯ ಬಾಳಿಕೆಯ ಅವಧಿಯೇ ಮುಗಿಯುತ್ತ ಬರುತ್ತದೆ, ಆಗ ಕೇಳಿದ ಬೆಲೆಗೆ ಕೊಡಬೇಕಾಗುತ್ತದೆ. ರಾಗಿ, ಈರುಳ್ಳಿ ಇಟ್ಟು ಕಾದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಮೂರನೆಯದು ಪಾವತಿ ದಿನ. ಬಟವಾಡೆಯನ್ನು ಹತ್ತು ದಿನ ಮುಂದೂಡಿದರೆ? ಇದು ಹೆಚ್ಚುವರಿ ಹಾಲಿಗೆ ಮಾತ್ರವಲ್ಲ, ಇಡೀ 2.60 ಲಕ್ಷ ಲೀಟರಿಗೂ ಅನ್ವಯಿಸುತ್ತದೆ. ದಿನಕ್ಕೆ 91 ಲಕ್ಷದಂತೆ ಹತ್ತು ದಿನಕ್ಕೆ 9 ಕೋಟಿ 10 ಲಕ್ಷ. ಬಡ್ಡಿಯಿಲ್ಲ, ಅಡಮಾನವಿಲ್ಲ, ಅರ್ಜಿಯಿಲ್ಲ. ಮೂರು ಕೀಲಿಗಳಲ್ಲಿ ಅತಿ ಸುಲಭವಾಗಿ ತಿರುಗುವುದು ಇದೇ. ಹಾಗಾಗಿ ಕಷ್ಟದ ಹೊತ್ತಿನಲ್ಲಿ ಕೈ ಮೊದಲು ಹೋಗುವುದೂ ಇದರ ಕಡೆಗೇ.

ಆದರೆ ಮನೆಯ ಲೆಕ್ಕಕ್ಕೆ ವಾಪಸ್ಸು ಬನ್ನಿ. ದಿನಕ್ಕೆ 20 ಲೀಟರ್ ಹಾಕುವ ನಿಮ್ಮ ಮನೆಯ 7,000 ರೂಪಾಯಿ ಹತ್ತು ದಿನದಿಂದಾಗಿ ಹೆಚ್ಚುವರಿಯಾಗಿ ಸಿಕ್ಕಿಕೊಂಡಿತು. ಆಹಾರದ ಮೂಟೆ ತರಲು ನೀವು ಕೈಸಾಲ ಮಾಡುತ್ತೀರಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 140 ರೂಪಾಯಿ. ಅದೇ 7,000 ರೂಪಾಯಿಗೆ ಬ್ಯಾಂಕಿನಲ್ಲಿ ಒಕ್ಕೂಟಕ್ಕೆ ಉಳಿದ ಬಡ್ಡಿ ತಿಂಗಳಿಗೆ ಸುಮಾರು 53 ರೂಪಾಯಿ. ಒಕ್ಕೂಟ 53 ರೂಪಾಯಿ ಉಳಿಸಿತು, ಅದರ ಸದಸ್ಯರು 140 ರೂಪಾಯಿ ಕಳೆದುಕೊಂಡರು. ಒಕ್ಕೂಟವೂ ಸದಸ್ಯರೂ ಬೇರೆಯಲ್ಲ ಎಂದಾದರೆ ಒಟ್ಟಾರೆ 87 ರೂಪಾಯಿ ನಷ್ಟ.

ಕೈಸಾಲ ಸಿಗದವರು ಮೂಟೆ ತರುವುದನ್ನೇ ತಡಮಾಡುತ್ತಾರೆ. ಆಹಾರ ಇಳಿದರೆ ಹಾಲು ಇಳಿಯುತ್ತದೆ, ಗರ್ಭ ಕಟ್ಟುವುದು ತಡವಾಗುತ್ತದೆ. ಮತ್ತೆ ಕೆಲವರು ಲೀಟರಿಗೆ ಎರಡು ರೂಪಾಯಿ ಕಡಿಮೆಯಾದರೂ ಸರಿ, ಅಂದೇ ನಗದು ಕೊಡುವ ಖಾಸಗಿಯವರಿಗೆ ಹಾಲು ಹಾಕುತ್ತಾರೆ. ಬೇಸಿಗೆಯಲ್ಲಿ ಒಕ್ಕೂಟಕ್ಕೆ ಪ್ಯಾಕೆಟ್ ಹಾಲು ಬೇಕಾದಾಗ ಅವರು ಸಂಘಕ್ಕೆ ಮರಳಿರುವುದಿಲ್ಲ. ಪಾವತಿ ದಿನ ಏರಿಸಿದರೆ ಹಣದ ಅಗತ್ಯ ಇಲ್ಲವಾಗುವುದಿಲ್ಲ. ಕಡಿಮೆ ಬಡ್ಡಿಗೆ ಸಾಲ ಸಿಗುವವರಿಂದ ಹೆಚ್ಚು ಬಡ್ಡಿ ಕಟ್ಟುವವರ ಹೆಗಲಿಗೆ ಅದು ವರ್ಗವಾಗುತ್ತದೆ.

ಮಹಾಸಭೆಯಲ್ಲಿ ಈ ಲೆಕ್ಕ ತೆಗೆಯುವುದು ಹೇಗೆ

ವಾರ್ಷಿಕ ಮಹಾಸಭೆಗೆ ಮುಂಚೆ ಕೈಗೆ ಬರುವ ವರದಿಯಲ್ಲಿ ಲಾಭ-ನಷ್ಟ ತಃಖ್ತೆ, ಅಢಾವೆ ಪತ್ರಿಕೆ ಇರುತ್ತವೆ. ಸಾಮಾನ್ಯವಾಗಿ ನಾವು ಕೊನೆಯ ಸಾಲಿನ ಲಾಭ ನೋಡಿ ಪುಟ ಮಡಚುತ್ತೇವೆ. ಮೂರು ಭಾಗಾಕಾರ ಮಾಡಿ ನೋಡಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು.

ದಾಸ್ತಾನು ದಿನ = ವರ್ಷಾಂತ್ಯದ ದಾಸ್ತಾನು ÷ ವರ್ಷದ ಒಟ್ಟು ತಯಾರಿಕಾ ವೆಚ್ಚ × 365

ವಸೂಲಿ ದಿನ = ಬರಬೇಕಾದ ಬಾಕಿ ÷ ವರ್ಷದ ಮಾರಾಟ × 365

ಪಾವತಿ ದಿನ = ಹಾಲಿನ ಬಾಬ್ತು ಕೊಡಬೇಕಾದ ಬಾಕಿ ÷ ವರ್ಷದ ಹಾಲು ಖರೀದಿ × 365

ನಮ್ಮ ಕಲ್ಪಿತ ಒಕ್ಕೂಟದ ವರದಿಯಲ್ಲಿ ದಾಸ್ತಾನು 18 ಕೋಟಿ, ವೆಚ್ಚ 330 ಕೋಟಿ ಎಂದಿದ್ದರೆ ದಾಸ್ತಾನು ದಿನ 20. ಬಾಕಿ 14 ಕೋಟಿ, ಮಾರಾಟ 340 ಕೋಟಿಯಾದರೆ ವಸೂಲಿ ದಿನ 15. ರೈತರಿಗೆ ಕೊಡಬೇಕಾದದ್ದು 9.20 ಕೋಟಿ, ಖರೀದಿ 280 ಕೋಟಿಯಾದರೆ ಪಾವತಿ ದಿನ 12. ಒಟ್ಟು ಚಕ್ರ 23 ದಿನ. ದಿನದ ವೆಚ್ಚ ಸುಮಾರು 90 ಲಕ್ಷವಾದ್ದರಿಂದ ಸಿಕ್ಕಿಕೊಂಡಿರುವ ಹಣ ಸುಮಾರು 21 ಕೋಟಿ.

ಈ 23ನ್ನು ಹಾಗೆಯೇ ನಂಬಬಾರದು. ಎರಡು ಕಾರಣ. ಮೊದಲನೆಯದು, ಅಢಾವೆ ಪತ್ರಿಕೆ ಮಾರ್ಚ್ 31ರ ಒಂದೇ ದಿನದ ಫೋಟೊ. ಆ ಹೊತ್ತಿಗೆ ಬೇಸಿಗೆ ಬಂದಿರುತ್ತದೆ, ಹಾಲು ಇಳಿದಿರುತ್ತದೆ, ಪುಡಿಯ ದಾಸ್ತಾನು ಸ್ವಲ್ಪ ಖಾಲಿಯಾಗಿರುತ್ತದೆ. ಗೋದಾಮು ತುಂಬಿದ್ದ ತಿಂಗಳ ಕಷ್ಟ ಆ ಫೋಟೊದಲ್ಲಿ ಕಾಣುವುದಿಲ್ಲ. ಆದ್ದರಿಂದ "ವರ್ಷದಲ್ಲಿ ಅತಿ ಹೆಚ್ಚು ದಾಸ್ತಾನು ಯಾವ ತಿಂಗಳು, ಎಷ್ಟಿತ್ತು? ಆಗ ಕ್ಯಾಶ್ ಕ್ರೆಡಿಟ್ ಸಾಲ ಎಷ್ಟಿತ್ತು?" ಎಂದು ಕೇಳಬೇಕು. ಎರಡನೆಯದು, ಇದು ಸರಾಸರಿ. ಎಂಟು ದಿನ ಮೊದಲೇ ಹಣ ತರುವ ಪ್ಯಾಕೆಟ್ ಹಾಲು, 123 ದಿನ ಕಾಯಿಸುವ ಪುಡಿ ಎರಡನ್ನೂ ಅದು ಒಂದೇ ಪಾತ್ರೆಗೆ ಸುರಿದಿದೆ. ವಸೂಲಿ ದಿನ 15 ಎಂದಾಗಲೂ ಅದರೊಳಗೆ ಒಂದು ವರ್ಷದಿಂದ ಬಾರದ ಬಾಕಿ ಅಡಗಿರಬಹುದು. "ಆರು ತಿಂಗಳಿಗೆ ಮೀರಿದ ಬಾಕಿ ಎಷ್ಟು, ಯಾರಿಂದ?" ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಒಂದು ವರ್ಷದ ಸಂಖ್ಯೆಗಿಂತ ಮೂರು ವರ್ಷದ ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಹೆಚ್ಚು ತಿಳಿಯುತ್ತದೆ. ದಾಸ್ತಾನು ದಿನವೂ ವಸೂಲಿ ದಿನವೂ ವರ್ಷ ವರ್ಷ ಏರುತ್ತಿದ್ದು, ಪಾವತಿ ದಿನ ನಿಂತಲ್ಲೇ ನಿಂತಿದ್ದರೆ ಸಾಲ ಬೆಳೆಯುತ್ತಿದೆ ಎಂದರ್ಥ. ಪಾವತಿ ದಿನವೂ ಜೊತೆಗೆ ಏರುತ್ತಿದ್ದರೆ ಬ್ಯಾಂಕಿನ ಮಿತಿ ಮುಗಿದು ಹೊರೆ ನಿಮ್ಮ ಮೇಲೆ ಬರುತ್ತಿದೆ ಎಂದರ್ಥ. ವರದಿಗೆ ಕಾಯದೆಯೂ ಇದನ್ನು ಗುರುತಿಸಬಹುದು. ಬಟವಾಡೆ ಮೊದಲು ಒಂದು ದಿನ, ಮುಂದಿನ ಬಾರಿ ಎರಡು ದಿನ, ಆಮೇಲೆ ನಾಲ್ಕು ದಿನ ಎಂದು ಜಾರುತ್ತಿದ್ದರೆ ಅದು ಹಬ್ಬದ ರಜೆಯಿಂದಾದ ತಡವಲ್ಲ. ಸರ್ಕಾರದ ಪ್ರೋತ್ಸಾಹಧನದ ತಡವನ್ನು ಮಾತ್ರ ಇದರೊಂದಿಗೆ ಬೆರೆಸಬೇಡಿ. ಅದು ಸರ್ಕಾರದಿಂದ ನೇರವಾಗಿ ನಿಮ್ಮ ಖಾತೆಗೆ ಬರುವ ಹಣ, ಒಕ್ಕೂಟದ ಚಕ್ರದೊಳಗಿನದಲ್ಲ.

ನಿಮ್ಮ ಗ್ರಾಮದ ಸಂಘಕ್ಕೂ ಇದೇ ಮೂರು ಭಾಗಾಕಾರ ಅನ್ವಯಿಸುತ್ತದೆ. ಅಲ್ಲಿ ಪುಡಿ ಇರುವುದಿಲ್ಲ. ಪಶು ಆಹಾರದ ಮೂಟೆಗಳ ದಾಸ್ತಾನು, ಆಹಾರ ಸಾಲ ತೆಗೆದುಕೊಂಡು ಹಾಲು ಹಾಕುವುದನ್ನು ಬಿಟ್ಟವರ ಬಾಕಿ, ಇವೆರಡೇ ಸಂಘದ ನಗದನ್ನು ಹಿಡಿದಿಡುವುದು. ಆ ಬಾಕಿಯ ಪಟ್ಟಿ ಕಾರ್ಯದರ್ಶಿಯವರ ಪುಸ್ತಕದಲ್ಲಿದೆ. ಮುಂದಿನ ಬಟವಾಡೆಯ ದಿನ ಸಂಘಕ್ಕೆ ಹೋದಾಗ, ದುಡ್ಡು ಯಾವಾಗ ಎಂದು ಕೇಳುವುದರ ಜೊತೆಗೆ, ಸಂಘದ ಹಣ ಎಲ್ಲಿ ಎಷ್ಟು ದಿನದಿಂದ ಕೂತಿದೆ ಎಂದೂ ಕೇಳಿ.